ಕಳಿಸದೇ ತಲುಪುವ ಫೈಲ್: ಒಂದೇ ಕ್ಷಣದ ಅಪ್‌ಲೋಡ್‌ನ ಹಿಂದೆ ಏನು ನಡೆಯುತ್ತದೆ?

2025ರ ಫೆಬ್ರವರಿಯಲ್ಲಿ ಆಪಲ್ ಕಂಪನಿ ಬ್ರಿಟನ್ನಿನಲ್ಲಿ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಸೌಲಭ್ಯವನ್ನು ಹೊಸದಾಗಿ ಆನ್ ಮಾಡಿಕೊಳ್ಳುವ ಅವಕಾಶವನ್ನು ತೆಗೆದುಹಾಕಿತು. ಐಕ್ಲೌಡ್‌ನಲ್ಲಿ ಇಟ್ಟ ಫೋಟೊ, ಫೈಲ್‌ಗಳ ಬೀಗದ ಕೈ ಬಳಕೆದಾರರ ಬಳಿಯೇ ಇರಲಿ, ಕಂಪನಿಗೂ ಸಿಗದಿರಲಿ ಅನ್ನೋದು ಆ ಸೌಲಭ್ಯದ ಉದ್ದೇಶ. ಸುದ್ದಿ ಓದಿದವರು ಆಪಲ್‌ನದೇ ವಿವರಣೆಯನ್ನು ತೆಗೆದು ನೋಡಿದರೆ ಅಲ್ಲಿ ಒಂದು ಸಾಲು ಗೊಂದಲ ಹುಟ್ಟಿಸುತ್ತದೆ. ಈ ಸೌಲಭ್ಯ ಆನ್ ಇದ್ದಾಗಲೂ ಫೈಲ್‌ನ ಚೆಕ್‌ಸಮ್‌ಗೆ, ಅಂದರೆ ಫೈಲ್‌ನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆಗೆ, ಅದೇ ಬೀಗ ಹಾಕುವುದಿಲ್ಲ. ಅದರ ಕೈ ಕಂಪನಿಯ ಬಳಿ ಇರುತ್ತದೆ. ಕಾರಣ ಏನು ಅಂದರೆ, ಒಂದೇ ಫೈಲ್‌ನ ನಕಲುಗಳನ್ನು ಗುರುತಿಸಿ ಜಾಗ ಉಳಿಸುವುದು.

ಫೈಲ್ ಓದಲಾಗದವರು ನಕಲು ಯಾವುದು ಅಂತ ಹೇಗೆ ಗುರುತಿಸುತ್ತಾರೆ? ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಹಳ ಜನರಿಗೆ ಎದುರಾಗಿರುತ್ತದೆ. ದೊಡ್ಡದೊಂದು ವಿಡಿಯೊ ಅಪ್‌ಲೋಡ್‌ಗೆ ಹಾಕುತ್ತೀರಿ. ಅರ್ಧ ಗಂಟೆ ಆಗಬಹುದು ಅಂದುಕೊಂಡಿದ್ದು ಎರಡೇ ಸೆಕೆಂಡಿಗೆ ಮುಗಿದುಹೋಗುತ್ತದೆ. ನಿಜಕ್ಕೂ ಹೋಯಿತಾ? ನನ್ನ ಫೈಲ್ ಅವರ ಬಳಿ ಮೊದಲೇ ಇತ್ತಾ? ಇದ್ದರೆ ಅದು ಯಾರದು?

ಎರಡೂ ಪ್ರಶ್ನೆಗಳ ಹಿಂದೆ ಇರುವುದು ಒಂದೇ ಲೆಕ್ಕಾಚಾರ. ಅದನ್ನು ಡಿಡುಪ್ಲಿಕೇಶನ್ ಅನ್ನುತ್ತಾರೆ. ಈ ಕೆಲಸ ಮಾಡುವವರ ಬಾಯಲ್ಲಿ ಬರೀ ‘ಡಿಡುಪ್’.

## ಮೊದಲು ಪ್ರಶ್ನೆ, ಆಮೇಲೆ ಫೈಲ್

ಅಪ್‌ಲೋಡ್ ಅಂದರೆ ಫೈಲನ್ನು ಇಲ್ಲಿಂದ ಎತ್ತಿ ಅಲ್ಲಿ ಇಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ಡಿಡುಪ್ ಇರುವ ಸೇವೆಯಲ್ಲಿ ಅದಕ್ಕೂ ಮೊದಲು ಒಂದು ಮಾತುಕತೆ ನಡೆಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿರುವ ಆ್ಯಪ್ ಫೈಲನ್ನು ಓದಿ ಅದರದೊಂದು ಗುರುತು ತಯಾರಿಸುತ್ತದೆ. ಆ ಗುರುತನ್ನಷ್ಟೇ ಸರ್ವರ್‌ಗೆ ಕಳಿಸಿ ‘ಇದು ನಿನ್ನ ಬಳಿ ಇದೆಯಾ?’ ಅಂತ ಕೇಳುತ್ತದೆ. ಇಲ್ಲ ಅಂತ ಉತ್ತರ ಬಂದರೆ ಫೈಲ್ ಹೋಗುತ್ತದೆ. ಇದೆ ಅಂತ ಬಂದರೆ ಕಳಿಸುವ ಕೆಲಸವೇ ಇಲ್ಲ. ಸರ್ವರ್ ನಿಮ್ಮ ಖಾತೆಯ ಪಟ್ಟಿಯಲ್ಲಿ ಫೈಲ್‌ನ ಹೆಸರು ಬರೆದುಕೊಂಡು, ಅದರ ಮುಂದೆ ಹಳೆಯ ಪ್ರತಿ ಎಲ್ಲಿದೆ ಅನ್ನುವ ವಿಳಾಸ ಹಾಕುತ್ತದೆ. ಅಷ್ಟಕ್ಕೇ ಅಪ್‌ಲೋಡ್ ಮುಗಿಯಿತು.

ಈ ಗುರುತೇ ಹ್ಯಾಶ್. ಚೆಕ್‌ಸಮ್ ಅಂತ ಹೇಳಿದಾಗಲೂ ಇಲ್ಲಿ ಅದೇ ಅರ್ಥ. ಫೈಲ್ ಎಷ್ಟೇ ದೊಡ್ಡದಿರಲಿ, ಅದರ ಪ್ರತಿಯೊಂದು ಬೈಟನ್ನೂ ಒಂದು ನಿಗದಿತ ಲೆಕ್ಕದೊಳಗೆ ಹಾಯಿಸಿದರೆ ಕೊನೆಗೆ ನಿಗದಿತ ಉದ್ದದ ಒಂದು ಸಂಖ್ಯೆ ಸಿಗುತ್ತದೆ. ಎಸ್‌ಎಚ್‌ಎ-256 ಅನ್ನುವ ಲೆಕ್ಕದಲ್ಲಿ ಈ ಸಂಖ್ಯೆ ಯಾವಾಗಲೂ 256 ಬಿಟ್, ಅಂದರೆ 32 ಬೈಟ್. ಪರದೆಯ ಮೇಲೆ 64 ಅಕ್ಷರಗಳಾಗಿ ಕಾಣುತ್ತದೆ. ಲಿನಕ್ಸ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಇದನ್ನು ನೋಡಬಹುದು:

```
$ printf 'hello' | sha256sum
2cf24dba5fb0a30e26e83b2ac5b9e29e1b161e5c1fa7425e73043362938b9824  -
$ printf 'Hello' | sha256sum
185f8db32271fe25f561a6fc938b2e264306ec304eda518007d1764826381969  -
```

ಒಂದೇ ಒಂದು ಅಕ್ಷರ ಚಿಕ್ಕದರಿಂದ ದೊಡ್ಡದಾಯಿತು. ಉತ್ತರದಲ್ಲಿ ಒಂದಕ್ಕೊಂದು ಸಂಬಂಧವೇ ಕಾಣುತ್ತಿಲ್ಲ, ಅಲ್ವಾ? ಹ್ಯಾಶ್‌ನ ಮುಖ್ಯ ಗುಣವೇ ಇದು. ಒಳಗೆ ಹೋದದ್ದು ಒಂದೇ ಆಗಿದ್ದರೆ ಉತ್ತರವೂ ಯಾವಾಗಲೂ ಒಂದೇ, ಯಾವ ಕಂಪ್ಯೂಟರಿನಲ್ಲಿ ಮಾಡಿದರೂ. ಒಳಗೆ ಒಂದು ಬಿಟ್ ಬದಲಾದರೂ ಉತ್ತರ ಪೂರ್ತಿ ಬೇರೆ. ಮತ್ತೆ, ಉತ್ತರದಿಂದ ಹಿಂದಕ್ಕೆ ಹೋಗಿ ಒಳಗೇನಿತ್ತು ಅಂತ ಲೆಕ್ಕ ಹಾಕಿ ಕಂಡುಹಿಡಿಯಲು ಆಗುವುದಿಲ್ಲ.

ಫೈಲ್‌ನ ಹೆಸರು ಈ ಲೆಕ್ಕದಲ್ಲಿ ಬರುವುದೇ ಇಲ್ಲ ಅನ್ನೋದನ್ನು ಗಮನಿಸಿ. ಹೆಸರು ಫೈಲ್‌ನ ಹೊರಗಿರುವ ಚೀಟಿ. ಹೆಸರು ಬದಲಿಸಿ ಮತ್ತೆ ಅಪ್‌ಲೋಡ್ ಮಾಡಿದರೂ ಕ್ಷಣದಲ್ಲಿ ಮುಗಿಯುವುದು ಇದಕ್ಕೇ.

## 700 ಎಂಬಿಯ ಲೆಕ್ಕ

ಒಂದು ಉದಾಹರಣೆ ಹಿಡಿದು ನೋಡೋಣ. 700 ಎಂಬಿಯ ವಿಡಿಯೊ ಇದೆ, ಅಪ್‌ಲೋಡ್ ವೇಗ 20 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 20 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಇದು ಸೆಕೆಂಡಿಗೆ 2.5 ಎಂಬಿ. ಪೂರ್ತಿ ಫೈಲ್ ಹೋಗಲು 280 ಸೆಕೆಂಡು, ಅಂದರೆ 4 ನಿಮಿಷ 40 ಸೆಕೆಂಡು ಬೇಕು. ಇದು ಎಲ್ಲ ಸರಿಯಾಗಿ ನಡೆದರೆ.

ಹ್ಯಾಶ್ ದಾರಿಯಲ್ಲಿ ಏನಾಗುತ್ತದೆ? ಬಹಳಷ್ಟು ಸೇವೆಗಳು ಇಡೀ ಫೈಲಿಗೆ ಒಂದೇ ಹ್ಯಾಶ್ ಮಾಡುವ ಬದಲು ಫೈಲನ್ನು ತುಂಡು ಮಾಡಿ ತುಂಡಿಗೊಂದು ಹ್ಯಾಶ್ ಮಾಡುತ್ತವೆ. ಡ್ರಾಪ್‌ಬಾಕ್ಸ್ ಡೆವಲಪರ್‌ಗಳಿಗಾಗಿ ಬರೆದಿಟ್ಟಿರುವ ದಾಖಲೆಯಲ್ಲಿ ಫೈಲ್‌ನ ಹ್ಯಾಶ್ ಲೆಕ್ಕ ಹೀಗೇ ಇದೆ: 4 ಎಂಬಿಯ ತುಂಡುಗಳು, ಪ್ರತಿ ತುಂಡಿಗೂ ಎಸ್‌ಎಚ್‌ಎ-256, ಆಮೇಲೆ ಆ ಹ್ಯಾಶ್‌ಗಳನ್ನೆಲ್ಲ ಸಾಲಾಗಿ ಜೋಡಿಸಿ ಅದಕ್ಕೆ ಇನ್ನೊಂದು ಎಸ್‌ಎಚ್‌ಎ-256. ಇದೇ ಅಳತೆ ಇಟ್ಟುಕೊಂಡರೆ ನಮ್ಮ ವಿಡಿಯೊ 175 ತುಂಡು ಆಗುತ್ತದೆ. ತುಂಡಿಗೆ 32 ಬೈಟ್‌ನಂತೆ ಒಟ್ಟು 5,600 ಬೈಟ್. ಒಂದು ಪುಟದ ಪತ್ರದಷ್ಟೂ ಇಲ್ಲ. ಅದು ಸರ್ವರ್ ತಲುಪಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಹಾಗಾದರೆ ಆ ಎರಡು ಸೆಕೆಂಡು ಎಲ್ಲಿ ಹೋಯಿತು? ಅದು ನೆಟ್‌ವರ್ಕಿನಲ್ಲಿ ಕಳೆದ ಸಮಯ ಅಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಕಳೆದದ್ದು. 700 ಎಂಬಿಯನ್ನು ಡಿಸ್ಕಿನಿಂದ ಓದಬೇಕು, ಪ್ರತಿ ಬೈಟನ್ನೂ ಹ್ಯಾಶ್ ಲೆಕ್ಕಕ್ಕೆ ಹಾಕಬೇಕು. ಸೆಕೆಂಡಿಗೆ 500 ಎಂಬಿ ಹ್ಯಾಶ್ ಮಾಡುವ ಕಂಪ್ಯೂಟರಿಗೆ ಇದು ಒಂದೂವರೆ ಸೆಕೆಂಡಿನ ಕೆಲಸ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಇನ್ನೂ ಜಾಸ್ತಿ. ಅಪ್‌ಲೋಡ್ ಶುರುವಾಗುವ ಮೊದಲು ಏನೂ ನಡೆಯದಂತೆ ಪ್ರೋಗ್ರೆಸ್ ಪಟ್ಟಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಏಕ್‌ದಂ ನೂರಕ್ಕೆ ಹಾರುವುದನ್ನು ನೋಡಿದ್ದರೆ, ಆ ನಿಂತ ಹೊತ್ತೇ ಹ್ಯಾಶ್ ಮಾಡುವ ಹೊತ್ತು.

ತುಂಡು ಮಾಡುವುದರಿಂದ ಇನ್ನೊಂದು ಲಾಭ ಇದೆ. ಫೈಲ್‌ನ ನಡುವೆ ಎಲ್ಲೋ ನಾಲ್ಕು ಬೈಟ್ ತಿದ್ದಿದರೆ 175ರಲ್ಲಿ ಒಂದೇ ತುಂಡಿನ ಹ್ಯಾಶ್ ಬದಲಾಗುತ್ತದೆ. ಸರ್ವರ್ ಅದೊಂದನ್ನೇ ಕೇಳುತ್ತದೆ. 4 ಎಂಬಿ ಹೋದರೆ ಸಾಕು, ಎರಡು ಸೆಕೆಂಡೂ ಬೇಡ.

ಆದರೆ ಇಲ್ಲೊಂದು ತೊಡಕು ಇದೆ. ತಿದ್ದುವ ಬದಲು ಫೈಲ್‌ನ ಶುರುವಿನಲ್ಲೇ ಒಂದು ಬೈಟ್ ಹೊಸದಾಗಿ ಸೇರಿಸಿ. ಆಗ ಹಿಂದಿದ್ದ ಪ್ರತಿ ಬೈಟೂ ಒಂದು ಮನೆ ಮುಂದಕ್ಕೆ ಸರಿಯುತ್ತದೆ. ಮೊದಲ ತುಂಡಿನ ಕೊನೆಯ ಬೈಟ್ ಎರಡನೆಯದಕ್ಕೆ ಹೋಯಿತು, ಎರಡನೆಯದರ ಕೊನೆಯದು ಮೂರನೆಯದಕ್ಕೆ. ಎಲ್ಲ ತುಂಡುಗಳ ಹ್ಯಾಶೂ ಬದಲಾಯಿತು. ಒಂದು ಬೈಟ್ ಸೇರಿಸಿದ್ದಕ್ಕೆ 700 ಎಂಬಿ ಮತ್ತೆ ಕಳಿಸಬೇಕು. ಬ್ಯಾಕಪ್ ಮಾಡುವ ರೆಸ್ಟಿಕ್, ಬೋರ್ಗ್‌ನಂಥ ಸಾಫ್ಟ್‌ವೇರ್‌ಗಳು ಇದಕ್ಕೆ ಬೇರೆ ದಾರಿ ಹಿಡಿದಿವೆ. ಅವು ಅಳತೆ ನೋಡಿ ಕತ್ತರಿಸುವುದಿಲ್ಲ, ಒಳಗಿನ ಬೈಟ್‌ಗಳಲ್ಲಿ ಒಂದು ನಿರ್ದಿಷ್ಟ ಗುರುತು ಸಿಕ್ಕಿದ ಕಡೆ ಕತ್ತರಿಸುತ್ತವೆ. ಬೈಟ್‌ಗಳು ಸರಿದರೂ ಆ ಗುರುತೂ ಜೊತೆಗೇ ಸರಿಯುತ್ತದೆ, ಹಾಗಾಗಿ ಬದಲಾವಣೆ ಆದ ಜಾಗದ ಒಂದೆರಡು ತುಂಡು ಬಿಟ್ಟು ಉಳಿದವು ಹಾಗೇ ಉಳಿಯುತ್ತವೆ.

## ನೋಡಲು ಒಂದೇ, ಹ್ಯಾಶ್ ಬೇರೆ

‘ನನ್ನದೂ ಅದೇ ಫೋಟೊ, ಆದರೂ ಪೂರ್ತಿ ಅಪ್‌ಲೋಡ್ ಆಯಿತಲ್ಲ’ ಅನ್ನುವ ದೂರು ಸಾಮಾನ್ಯ. ಹ್ಯಾಶ್ ನೋಡುವುದು ಬೈಟ್‌ಗಳನ್ನು, ಚಿತ್ರವನ್ನಲ್ಲ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದ ಫೋಟೊ ಸಾಮಾನ್ಯವಾಗಿ ದಾರಿಯಲ್ಲಿ ಮತ್ತೊಮ್ಮೆ ಚಿಕ್ಕದಾಗಿರುತ್ತದೆ. ಕಣ್ಣಿಗೆ ಅದೇ ಚಿತ್ರ, ಬೈಟ್‌ಗಳು ಬೇರೆ. ಒಂದೇ ಫೋಲ್ಡರನ್ನು ಎರಡು ಸಲ ಜಿಪ್ ಮಾಡಿದರೂ ನಡುವೆ ಒಳಗಿನ ಫೈಲ್‌ಗಳ ತಾರೀಖು ಬದಲಾಗಿದ್ದರೆ ಹ್ಯಾಶ್ ಬದಲಾಗುತ್ತದೆ, ಯಾಕಂದರೆ ಜಿಪ್ ಆ ತಾರೀಖನ್ನೂ ಒಳಗೆ ಬರೆದಿಡುತ್ತದೆ. ಹಾಡಿನ ಫೈಲ್‌ನಲ್ಲಿ ಗಾಯಕರ ಹೆಸರಿನ ಕಾಗುಣಿತ ತಿದ್ದಿದರೂ ಅಷ್ಟೇ. ಆ ಹೆಸರು ಫೈಲ್‌ನ ಒಳಗಿರುತ್ತದೆ.

## ಎರಡು ಬೇರೆ ಫೈಲಿಗೆ ಒಂದೇ ಹ್ಯಾಶ್ ಬಂದರೆ?

ಇದು ಸಹಜವಾದ ಭಯ. ಎಷ್ಟೋ ಎಂಬಿಯ ಫೈಲನ್ನು 32 ಬೈಟಿಗೆ ಇಳಿಸಿದಾಗ ಬೇರೆ ಬೇರೆ ಫೈಲ್‌ಗಳಿಗೆ ಒಂದೇ ಉತ್ತರ ಬರಲೇಬೇಕು. ಫೈಲ್‌ಗಳು ಲೆಕ್ಕವಿಲ್ಲದಷ್ಟು ಇರಬಹುದು, ಹ್ಯಾಶ್‌ಗಳು ಇರುವುದು ಲೆಕ್ಕದಷ್ಟೇ. ಆದರೆ ಆ ಲೆಕ್ಕ 78 ಅಂಕಿಯ ಸಂಖ್ಯೆ. ಜಗತ್ತಿನ ಫೈಲ್‌ಗಳನ್ನೆಲ್ಲ ಸೇರಿಸಿದರೂ ಆಕಸ್ಮಿಕವಾಗಿ ಎರಡು ಡಿಕ್ಕಿ ಹೊಡೆಯುವ ಸಾಧ್ಯತೆ ಡಿಸ್ಕ್ ಕೆಟ್ಟು ಫೈಲ್ ಹಾಳಾಗುವ ಸಾಧ್ಯತೆಗಿಂತ ಎಷ್ಟೋ ಪಟ್ಟು ಕಮ್ಮಿ. ಹಾಗಾಗಿ ಆಕಸ್ಮಿಕದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಬೇಕಂತಲೇ ಮಾಡುವವರ ವಿಷಯ ಬೇರೆ. ಎಸ್‌ಎಚ್‌ಎ-1 ಅನ್ನುವ ಹಳೆಯ ಲೆಕ್ಕವನ್ನು ಬಹಳ ವರ್ಷ ನಂಬಿಕೊಂಡು ಬಂದಿದ್ದರು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆ ಬೇರೆ ಪಿಡಿಎಫ್ ಫೈಲ್‌ಗಳನ್ನು ಹೊರಗಿಟ್ಟರು. ಅದಕ್ಕೆ ಸುಮಾರು 92 ಸಾವಿರ ಕೋಟಿ ಕೋಟಿ ಸಲ ಹ್ಯಾಶ್ ಲೆಕ್ಕ ಮಾಡಬೇಕಾಯಿತು.

ಡಿಡುಪ್‌ಗೆ ಇದರಿಂದ ಏನಾಗುತ್ತದೆ ಅನ್ನೋದು ತಕ್ಷಣವೇ ಗೊತ್ತಾಯಿತು. ವೆಬ್‌ಕಿಟ್ ಬ್ರೌಸರ್ ಎಂಜಿನ್ ಬರೆಯುವವರು ತಮ್ಮ ಸಾಫ್ಟ್‌ವೇರ್ ಈ ಜೋಡಿಯನ್ನು ತಡೆದುಕೊಳ್ಳುತ್ತದೆಯೇ ಅಂತ ಪರೀಕ್ಷಿಸಲು ಎರಡೂ ಪಿಡಿಎಫ್‌ಗಳನ್ನು ತಮ್ಮ ಕೋಡ್ ಭಂಡಾರಕ್ಕೆ ಹಾಕಿದರು. ಆ ಭಂಡಾರ ನಡೆಯುತ್ತಿದ್ದದ್ದು ಸಬ್‌ವರ್ಷನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಅದು ನಕಲುಗಳನ್ನು ಗುರುತಿಸಲು ಎಸ್‌ಎಚ್‌ಎ-1 ಬಳಸುತ್ತಿತ್ತು. ಎರಡನೇ ಫೈಲ್ ಬಂದಾಗ ‘ಇದು ಆಗಲೇ ಇದೆ’ ಅಂದುಕೊಂಡು ಮೊದಲನೆಯದರ ವಿಳಾಸ ಹಾಕಿತು. ಮತ್ತೆ ಓದಲು ಹೋದಾಗ ಇನ್ನೊಂದು ಚೆಕ್‌ಸಮ್ ತಾಳೆಯಾಗಲಿಲ್ಲ, ಭಂಡಾರ ಕೆಲಸ ನಿಲ್ಲಿಸಿತು. ಡಿಡುಪ್ ವ್ಯವಸ್ಥೆಗೆ ಹ್ಯಾಶ್ ಮೇಲಿನ ನಂಬಿಕೆ ಸಡಿಲವಾದರೆ ಆಗುವ ಹಾನಿ ಇದೇ. ನಿಮ್ಮ ಫೈಲ್ ಕಳೆದುಹೋಗುತ್ತದೆ, ಅದರ ಜಾಗದಲ್ಲಿ ಬೇರೆಯದು ಸಿಗುತ್ತದೆ. ಎಸ್‌ಎಚ್‌ಎ-256ಕ್ಕೆ ಇಂಥ ಜೋಡಿಯನ್ನು ಈವರೆಗೆ ಯಾರೂ ತೋರಿಸಿಲ್ಲ.

## ‘ಇದೆ’ ಅನ್ನುವ ಉತ್ತರವೇ ಒಂದು ಸುದ್ದಿ

ಈಗ ವಿಷಯದ ಕಷ್ಟದ ಭಾಗಕ್ಕೆ ಬರೋಣ. ಹ್ಯಾಶ್ ಗಟ್ಟಿಯಾಗೇ ಇದೆ ಅಂದುಕೊಳ್ಳಿ. ಆದರೂ ತೊಂದರೆ ಇದೆ, ಮತ್ತು ಅದು ಆ ವೇಗದಲ್ಲೇ ಇದೆ.

ನಕಲು ಹುಡುಕುವುದನ್ನು ಎರಡು ರೀತಿಯಲ್ಲಿ ಮಾಡಬಹುದು. ಒಂದು, ನಿಮ್ಮ ಖಾತೆಯೊಳಗೆ ಮಾತ್ರ. ಇನ್ನೊಂದು, ಎಲ್ಲ ಬಳಕೆದಾರರ ಫೈಲ್‌ಗಳ ನಡುವೆ. ಕಂಪನಿಗೆ ಎರಡನೆಯದರಲ್ಲಿ ಲಾಭ ಬಹಳ. ಸಾವಿರ ಜನ ಒಂದೇ ಸಾಫ್ಟ್‌ವೇರ್‌ನ ಇನ್‌ಸ್ಟಾಲರ್ ಇಟ್ಟುಕೊಂಡಿದ್ದರೆ ಡಿಸ್ಕ್‌ನಲ್ಲಿ ಒಂದೇ ಪ್ರತಿ ಸಾಕು. ಬಳಕೆದಾರರಿಗೂ ಸಮಯ ಉಳಿಯಿತು, ಡೇಟಾ ಉಳಿಯಿತು. ಡಿಡುಪ್ ಪರವಾಗಿ ಮಾತಾಡುವವರ ವಾದ ಇದು. ಇದು ಸುಳ್ಳಲ್ಲ.

ಆದರೆ ನನ್ನ ಅಪ್‌ಲೋಡ್ ಕ್ಷಣದಲ್ಲಿ ಮುಗಿಯಿತು ಅಂದರೆ, ಈ ಫೈಲ್ ಇನ್ಯಾರ ಬಳಿಯೋ ಇದೆ ಅಂತ ನನಗೆ ಗೊತ್ತಾಯಿತು. 2010ರಲ್ಲಿ ಡ್ಯಾನಿ ಹರ್ನಿಕ್, ಬೆನ್ನಿ ಪಿಂಕಾಸ್ ಮತ್ತು ಅಲೆಕ್ಸಾಂಡ್ರಾ ಶುಲ್‌ಮನ್-ಪೆಲೆಗ್ ಅನ್ನುವ ಸಂಶೋಧಕರು ಈ ಸಣ್ಣ ಸೋರಿಕೆಯಿಂದ ಎಷ್ಟು ದೂರ ಹೋಗಬಹುದು ಅಂತ ತೋರಿಸಿದರು. ಅವರ ವಾದದ ಸಾರವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಒಂದು ಸಂಸ್ಥೆ ಎಲ್ಲರಿಗೂ ಒಂದೇ ನಮೂನೆಯ ಪತ್ರ ಕಳಿಸುತ್ತದೆ, ಬದಲಾಗುವುದು ಹೆಸರು ಮತ್ತು ನಾಲ್ಕಂಕಿಯ ಪಿನ್ ಮಾತ್ರ. ನಿಮ್ಮ ಪತ್ರ ನಿಮ್ಮ ಕ್ಲೌಡ್‌ನಲ್ಲಿದೆ. ನಿಮ್ಮ ಹೆಸರು ಗೊತ್ತಿರುವ, ಅದೇ ನಮೂನೆಯ ಪತ್ರ ಇರುವ ಒಬ್ಬರು ಪಿನ್ ಜಾಗದಲ್ಲಿ 0000ರಿಂದ 9999ರವರೆಗೆ ಹಾಕಿ 10,000 ಫೈಲ್ ತಯಾರಿಸುತ್ತಾರೆ. ಒಂದೊಂದನ್ನೇ ಅಪ್‌ಲೋಡ್‌ಗೆ ಕೊಡುತ್ತಾರೆ. ಡೇಟಾ ಹೋಗಲು ಶುರುವಾದ ಕೂಡಲೇ ನಿಲ್ಲಿಸುತ್ತಾರೆ, ಅದು ತಪ್ಪು ಪಿನ್. ಡೇಟಾ ಹೋಗದೆಯೇ ಮುಗಿದುಬಿಟ್ಟ ಒಂದು ಫೈಲ್ ಸಿಕ್ಕರೆ ಅದರಲ್ಲಿರುವುದು ನಿಮ್ಮ ಪಿನ್. ಹ್ಯಾಶನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ ಅನ್ನುವ ಭರವಸೆ ಇಲ್ಲಿ ಕೆಲಸಕ್ಕೆ ಬರಲಿಲ್ಲ, ಯಾಕಂದರೆ ಅವರು ತಿರುಗಿಸಲೇ ಇಲ್ಲ. ಸುಮ್ನೆ ಊಹಿಸುತ್ತಾ ಹೋದರು, ಸರ್ವರ್ ಸರಿ-ತಪ್ಪು ಹೇಳುತ್ತಾ ಹೋಯಿತು.

ಇದಕ್ಕೊಂದು ಮಿತಿ ಇದೆ. ಪತ್ರದ ಉಳಿದ ಎಲ್ಲ ಬೈಟ್‌ಗಳೂ ನಿಖರವಾಗಿ ಹೊಂದಬೇಕು. ಪಿಡಿಎಫ್ ಒಳಗೆ ಅದು ತಯಾರಾದ ಗಳಿಗೆ ಸೆಕೆಂಡಿನ ಲೆಕ್ಕದಲ್ಲಿ ಬರೆದಿದ್ದರೆ ಊಹೆಯ ಕೆಲಸ ಬಹಳ ಪಟ್ಟು ಹೆಚ್ಚುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ತೆಗೆದ ಫೋಟೊವನ್ನು ಊಹಿಸುವುದಂತೂ ಆಗದ ಮಾತು. ಅಪಾಯ ಇರುವುದು ಬದಲಾಗುವ ಭಾಗ ಚಿಕ್ಕದಿದ್ದು ಉಳಿದದ್ದೆಲ್ಲ ಗೊತ್ತಿರುವ ಫೈಲ್‌ಗಳಿಗೆ.

## ಹ್ಯಾಶ್ ಗೊತ್ತಿದ್ದರೆ ಫೈಲೂ ನಿಮ್ಮದೇ

ಇನ್ನೊಂದು ತೂತು ಇದಕ್ಕಿಂತ ನೇರವಾದದ್ದು. ‘ಈ ಹ್ಯಾಶ್‌ನ ಫೈಲ್ ನನ್ನ ಬಳಿ ಇದೆ’ ಅಂದ ಮಾತ್ರಕ್ಕೆ ಸರ್ವರ್ ಅದನ್ನು ನಿಮ್ಮ ಖಾತೆಗೆ ಸೇರಿಸಿದರೆ, ಫೈಲ್ ಇಲ್ಲದೆಯೂ ಹ್ಯಾಶ್ ಹೇಳಿ ಫೈಲ್ ಪಡೆಯಬಹುದಲ್ಲ? ಪಡೆಯಬಹುದಿತ್ತು. 2011ರ ಏಪ್ರಿಲ್‌ನಲ್ಲಿ ‘ಡ್ರಾಪ್‌ಶಿಪ್’ ಅನ್ನುವ ಪುಟ್ಟ ಪ್ರೋಗ್ರಾಂ ಡ್ರಾಪ್‌ಬಾಕ್ಸ್‌ನಲ್ಲಿ ಇದನ್ನೇ ಮಾಡಿ ತೋರಿಸಿತು. ಒಬ್ಬರು ತಮ್ಮ ಫೈಲ್‌ನ ತುಂಡುಗಳ ಹ್ಯಾಶ್ ಪಟ್ಟಿಯನ್ನು ಇನ್ನೊಬ್ಬರಿಗೆ ಕಳಿಸಿದರೆ ಸಾಕು. ಪಡೆದವರು ಆ ಪಟ್ಟಿಯನ್ನು ಸರ್ವರ್‌ಗೆ ಕೊಟ್ಟರೆ ‘ಎಲ್ಲವೂ ನನ್ನ ಬಳಿ ಇದೆ, ಕಳಿಸುವುದು ಬೇಡ’ ಅಂತ ಉತ್ತರ ಬರುತ್ತಿತ್ತು, ಫೈಲ್ ಅವರ ಖಾತೆಯಲ್ಲಿ ಕಾಣಿಸುತ್ತಿತ್ತು. ಡ್ರಾಪ್‌ಬಾಕ್ಸ್ ಆ ಪ್ರೋಗ್ರಾಂ ತೆಗೆದುಹಾಕುವಂತೆ ಕೇಳಿಕೊಂಡಿತು. ಆಮೇಲೆ ಆ ದಾರಿ ಮುಚ್ಚಿತು.

ಇಲ್ಲಿ ಆದದ್ದು ಏನು ಅಂದರೆ, ಗುರುತು ಹೇಳಲು ಮಾಡಿದ ಸಂಖ್ಯೆ ಬೀಗದ ಕೈಯಾಗಿ ಬದಲಾಯಿತು. ಹ್ಯಾಶ್ ಗುಟ್ಟಿನ ವಸ್ತು ಅಲ್ಲ. ಡೌನ್‌ಲೋಡ್ ಪುಟಗಳಲ್ಲಿ, ಲಾಗ್ ಫೈಲ್‌ಗಳಲ್ಲಿ ಬಹಿರಂಗವಾಗಿ ಬಿದ್ದಿರುತ್ತದೆ. ಅದನ್ನು ಕೈಯಾಗಿ ಬಳಸುವ ವ್ಯವಸ್ಥೆ ಗಟ್ಟಿ ಇರಲು ಸಾಧ್ಯವಿಲ್ಲ.

ಅದೇ 2011ರಲ್ಲಿ ಹಲೆವಿ, ಹರ್ನಿಕ್, ಪಿಂಕಾಸ್ ಮತ್ತು ಶುಲ್‌ಮನ್-ಪೆಲೆಗ್ ಇದಕ್ಕೆ ಒಂದು ಪರಿಹಾರ ಬರೆದರು. ಹೆಸರು ‘ಮಾಲೀಕತ್ವದ ಪುರಾವೆ’. ಹ್ಯಾಶ್ ಹೇಳಿದ ಮೇಲೆ ಸರ್ವರ್ ಇನ್ನೊಂದು ಪ್ರಶ್ನೆ ಕೇಳುತ್ತದೆ: ಫೈಲ್‌ನ ಇಂಥಿಂಥ ಜಾಗದಲ್ಲಿ ಏನಿದೆ ತೋರಿಸು. ಯಾವ ಜಾಗ ಅನ್ನೋದನ್ನು ಪ್ರತಿ ಸಲವೂ ಹೊಸದಾಗಿ, ಯಾದೃಚ್ಛಿಕವಾಗಿ ಆರಿಸುತ್ತದೆ. ಫೈಲ್ ನಿಜವಾಗಿ ಕೈಯಲ್ಲಿರುವವರು ಉತ್ತರಿಸುತ್ತಾರೆ, ಬರೀ ಹ್ಯಾಶ್ ಇಟ್ಟುಕೊಂಡವರು ಸಿಕ್ಕಿಬೀಳುತ್ತಾರೆ. ಡ್ರಾಪ್‌ಶಿಪ್ ತರಹದ ದಾರಿಯನ್ನು ಇದು ಮುಚ್ಚುತ್ತದೆ. ಆದರೆ ಮೇಲೆ ಹೇಳಿದ ಪಿನ್ ಊಹಿಸುವ ದಾರಿಯನ್ನು ಮುಚ್ಚುವುದಿಲ್ಲ, ಯಾಕಂದರೆ ಅಲ್ಲಿ ಊಹಿಸುವವರ ಕೈಯಲ್ಲಿ ಪೂರ್ತಿ ಫೈಲೇ ಇದೆ.

ಅದನ್ನೂ ಮುಚ್ಚಬೇಕಾದರೆ ವೇಗವನ್ನು ಬಿಟ್ಟುಕೊಡಬೇಕು. ಫೈಲ್ ಪೂರ್ತಿ ಬರಲಿ, ನಕಲು ಇದ್ದರೆ ಸರ್ವರ್ ಬಂದ ಮೇಲೆ ತೆಗೆಯಲಿ. ಕಂಪನಿಗೆ ಡಿಸ್ಕ್ ಉಳಿಯುತ್ತದೆ, ಹೊರಗಿನವರಿಗೆ ಸುಳಿವು ಸಿಗುವುದಿಲ್ಲ, ನಿಮಗೆ 4 ನಿಮಿಷ 40 ಸೆಕೆಂಡು ಉಳಿಯುವುದಿಲ್ಲ. ಇಲ್ಲವಾದರೆ ಕ್ಷಣದ ಅಪ್‌ಲೋಡನ್ನು ನಿಮ್ಮದೇ ಖಾತೆಯೊಳಗಿನ ನಕಲಿಗೆ ಮಾತ್ರ ಇಟ್ಟುಕೊಳ್ಳಬೇಕು. ಆಗ ‘ಇದೆ’ ಅನ್ನುವ ಉತ್ತರದಿಂದ ಗೊತ್ತಾಗುವುದು ನಿಮ್ಮ ವಿಷಯ ನಿಮಗೇ. ನನ್ನ ಅಭಿಪ್ರಾಯದಲ್ಲಿ ಸರಿಯಾದ ಗೆರೆ ಇದೇ. ಬೇರೆಯವರ ಫೈಲ್‌ಗಳ ಬಗ್ಗೆ ಸುಳಿವು ಕೊಟ್ಟು ಉಳಿಸುವ ನಾಲ್ಕು ನಿಮಿಷಕ್ಕೆ ಅಷ್ಟು ಬೆಲೆ ಇಲ್ಲ.

## ಬೀಗ ಹಾಕಿದರೆ ನಕಲು ಕಾಣುವುದಿಲ್ಲ

ಈಗ ಆಪಲ್‌ನ ಆ ಸಾಲಿಗೆ ಮರಳಬಹುದು. ಫೈಲನ್ನು ನಿಮ್ಮದೇ ಬೀಗದ ಕೈಯಿಂದ ಎನ್‌ಕ್ರಿಪ್ಟ್ ಮಾಡಿ ಕಳಿಸಿದರೆ ಸರ್ವರ್ ತಲುಪುವುದು ಅರ್ಥವಿಲ್ಲದ ಬೈಟ್‌ಗಳು. ಇನ್ನೊಬ್ಬರು ಅದೇ ಫೈಲನ್ನು ತಮ್ಮ ಬೀಗದ ಕೈಯಿಂದ ಎನ್‌ಕ್ರಿಪ್ಟ್ ಮಾಡಿದರೆ ಬರುವುದು ಬೇರೆಯೇ ಬೈಟ್‌ಗಳು. ಹ್ಯಾಶ್‌ಗಳೂ ಬೇರೆ. ಸರ್ವರ್‌ಗೆ ಅವು ನಕಲು ಅಂತ ತಿಳಿಯಲು ದಾರಿಯೇ ಇಲ್ಲ.

ಹಾಗಾದರೆ ಬೇರೆ ಬೇರೆ ಬಳಕೆದಾರರ ನಡುವೆ ಡಿಡುಪ್ ಮಾಡುವ ಸೇವೆ ಫೈಲ್‌ಗಳ ಬಗ್ಗೆ ಏನೋ ತಿಳಿದೇ ತಿಳಿದಿರಬೇಕು. 2011ರಲ್ಲಿ ಕ್ರಿಸ್ಟೋಫರ್ ಸೊಘೋಯನ್ ಅನ್ನುವ ಸಂಶೋಧಕರು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ಕೊಟ್ಟ ದೂರಿನ ತಿರುಳು ಇದೇ ಆಗಿತ್ತು. ಡ್ರಾಪ್‌ಬಾಕ್ಸ್ ನಕಲುಗಳನ್ನು ಗುರುತಿಸುತ್ತಿದೆ, ಅಂದಮೇಲೆ ಬೀಗದ ಕೈ ಅದರ ಬಳಿಯೇ ಇದೆ, ಸಿಬ್ಬಂದಿಗೆ ಫೈಲ್ ಸಿಗುವುದಿಲ್ಲ ಅಂತ ಹೇಳಿದ್ದು ಬಳಕೆದಾರರನ್ನು ದಾರಿ ತಪ್ಪಿಸುತ್ತದೆ ಅಂತ ಅವರು ವಾದಿಸಿದರು. ಕಂಪನಿ ದೂರಿನಲ್ಲಿ ಹುರುಳಿಲ್ಲ ಅಂದಿತು.

ನಡುವಿನ ದಾರಿಯೊಂದನ್ನು ಮೈಕ್ರೋಸಾಫ್ಟ್‌ನ ಸಂಶೋಧಕರು 2002ರಲ್ಲೇ ಬರೆದಿದ್ದರು. ಬೀಗದ ಕೈಯನ್ನು ಫೈಲ್‌ನ ಹ್ಯಾಶ್‌ನಿಂದಲೇ ಮಾಡುವುದು. ಒಂದೇ ಫೈಲ್ ಇರುವ ಇಬ್ಬರಿಗೂ ಒಂದೇ ಕೈ ಸಿಗುತ್ತದೆ, ಎನ್‌ಕ್ರಿಪ್ಟ್ ಆದ ಬೈಟ್‌ಗಳೂ ಒಂದೇ ಆಗುತ್ತವೆ, ಸರ್ವರ್ ಓದದೆಯೇ ನಕಲು ಗುರುತಿಸುತ್ತದೆ. ಆದರೆ ಊಹಿಸುವ ದಾಳಿ ಇಲ್ಲೂ ಬಿಡುವುದಿಲ್ಲ. ಪತ್ರವನ್ನು ಊಹಿಸಬಲ್ಲವರು ಕೈಯನ್ನೂ ಲೆಕ್ಕ ಹಾಕಬಲ್ಲರು.

ಆಪಲ್ ಆರಿಸಿಕೊಂಡದ್ದು ಇನ್ನೊಂದು ರೀತಿ. ಫೈಲಿಗೆ ನಿಮ್ಮ ಬೀಗ, ಚೆಕ್‌ಸಮ್‌ಗೆ ಕಂಪನಿಯ ಬಳಿ ಕೈ ಇರುವ ಬೀಗ. ಇದರ ಅರ್ಥವನ್ನು ಸರಿಯಾಗಿ ಹಿಡಿಯಬೇಕು. ನೀವೇ ತೆಗೆದ ಫೋಟೊದ ಚೆಕ್‌ಸಮ್ ನೋಡಿ ಅದರಲ್ಲಿ ಯಾರಿದ್ದಾರೆ, ಎಲ್ಲಿ ತೆಗೆದದ್ದು ಅಂತ ಯಾರೂ ಹೇಳಲಾರರು. ಆದರೆ ಎಲ್ಲೆಡೆ ಓಡಾಡುತ್ತಿರುವ ಒಂದು ದಾಖಲೆಯೋ ವಿಡಿಯೊವೋ ಆದರೆ ಅದರ ಚೆಕ್‌ಸಮ್ ಯಾರಾದರೂ ಲೆಕ್ಕ ಹಾಕಬಹುದು. ಆ ಸಂಖ್ಯೆ ಕೈಯಲ್ಲಿದ್ದು, ಖಾತೆಗಳ ಚೆಕ್‌ಸಮ್ ಪಟ್ಟಿಯೂ ಸಿಕ್ಕರೆ, ಆ ಫೈಲ್ ಯಾರ ಬಳಿ ಇದೆ ಅನ್ನುವ ಪ್ರಶ್ನೆಗೆ ಉತ್ತರ ಕೊಡಬಹುದು. ಫೈಲ್ ತೆರೆಯುವ ಅಗತ್ಯವೇ ಇಲ್ಲ. ಇಂಥ ಮಾಹಿತಿಗೂ ಬಳಕೆದಾರರ ಬೀಗವನ್ನೇ ಹಾಕುವ ಕಡೆಗೆ ಕೆಲಸ ಮಾಡುತ್ತಿದ್ದೇವೆ ಅಂತ ಆಪಲ್ ಅದೇ ವಿವರಣೆಯಲ್ಲಿ ಬರೆದಿದೆ.

## ಅಳಿಸಿದರೆ ಅಳಿಯುತ್ತದೆಯೇ?

ಒಂದೇ ಪ್ರತಿಯನ್ನು ಹಲವರು ಹಂಚಿಕೊಂಡಿದ್ದಾಗ ಒಬ್ಬರು ಅಳಿಸಿದರೆ ಏನಾಗಬೇಕು? ಸರ್ವರ್ ಪ್ರತಿ ತುಂಡಿಗೂ ಎಷ್ಟು ಜನ ಬೆರಳು ತೋರಿಸುತ್ತಿದ್ದಾರೆ ಅನ್ನುವ ಎಣಿಕೆ ಇಟ್ಟಿರುತ್ತದೆ. ನೀವು ಅಳಿಸಿದರೆ ಎಣಿಕೆ ಒಂದು ಕಮ್ಮಿಯಾಗುತ್ತದೆ. ಸೊನ್ನೆಗೆ ಬಂದ ಮೇಲಷ್ಟೇ ತುಂಡು ಡಿಸ್ಕಿನಿಂದ ಹೋಗುತ್ತದೆ. ಹಾಗಾಗಿ ನೀವು ಅಳಿಸಿದ್ದರಿಂದ ಇನ್ನೊಬ್ಬರ ಫೈಲ್ ಹೋಗುವುದಿಲ್ಲ, ನಿಮ್ಮ ಖಾತೆಯಿಂದ ಅದು ಹೋಗಿರುತ್ತದೆ.

ಇದೇ ಏರ್ಪಾಟು ಒಮ್ಮೆ ನ್ಯಾಯಾಲಯದ ಮೆಟ್ಟಿಲೂ ಏರಿದೆ. 2012ರ ಜನವರಿಯಲ್ಲಿ ಫೈಲ್ ಹಂಚಿಕೊಳ್ಳುವ ಜಾಲತಾಣ ಮೆಗಾಅಪ್‌ಲೋಡ್ ವಿರುದ್ಧ ಅಮೆರಿಕ ಸರ್ಕಾರ ಹೊರಿಸಿದ ಆರೋಪಗಳಲ್ಲಿ ಇದೂ ಒಂದು: ಒಂದೇ ಫೈಲ್ ಮತ್ತೆ ಬಂದಾಗ ಹ್ಯಾಶ್‌ನಿಂದ ಗುರುತಿಸಿ ಹೊಸ ಲಿಂಕ್ ಮಾತ್ರ ಕೊಡುತ್ತಿದ್ದರು. ಹಕ್ಕುದಾರರು ದೂರು ಕೊಟ್ಟಾಗ ಆ ಒಂದು ಲಿಂಕ್ ಮುಚ್ಚುತ್ತಿದ್ದರು, ಫೈಲ್ ಮತ್ತು ಉಳಿದ ಲಿಂಕ್‌ಗಳು ಹಾಗೇ ಉಳಿಯುತ್ತಿದ್ದವು. ಅದೇ ಫೈಲನ್ನು ಹಕ್ಕಿನಿಂದಲೇ ಇಟ್ಟುಕೊಂಡವರೂ ಇರಬಹುದು, ಎಲ್ಲ ಲಿಂಕೂ ಮುಚ್ಚಿದರೆ ಅವರಿಗೆ ಅನ್ಯಾಯ ಅನ್ನುವುದು ಎದುರು ವಾದ. ಡಿಸ್ಕಿನಲ್ಲಿ ಒಂದೇ ಪ್ರತಿ ಇದ್ದರೂ ಅದರ ಮೇಲಿನ ಹಕ್ಕು ಖಾತೆಯಿಂದ ಖಾತೆಗೆ ಬೇರೆ.

## ನಿಮ್ಮ ಸೇವೆ ಯಾವ ತರಹದ್ದು?

ಇದನ್ನು ಕಂಡುಹಿಡಿಯಲು ಕಂಪನಿಯನ್ನು ಕೇಳಬೇಕಾಗಿಲ್ಲ. ಈ ಕೆಳಗಿನ ನಾಲ್ಕು ಫೈಲ್ ತಯಾರಿಸಿದರೆ ಸಾಕು:

```
head -c 100M /dev/urandom > a.bin
cp a.bin b.bin
cp a.bin c.bin && printf 'x' >> c.bin
(printf 'x'; cat a.bin) > d.bin
sha256sum a.bin b.bin c.bin d.bin
```

ಮೊದಲನೆಯದು 100 ಎಂಬಿಯ ಯಾದೃಚ್ಛಿಕ ಬೈಟ್‌ಗಳು. ಇದು ಜಗತ್ತಿನಲ್ಲಿ ಬೇರೆಲ್ಲೂ ಇರುವುದಿಲ್ಲ, ಕುಗ್ಗಿಸಿ ಚಿಕ್ಕದು ಮಾಡಲೂ ಬರುವುದಿಲ್ಲ. ಹಾಗಾಗಿ ಅಪ್‌ಲೋಡ್ ಬೇಗ ಮುಗಿದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಎರಡನೆಯದು ಅದರ ಪಕ್ಕಾ ನಕಲು, ಹ್ಯಾಶ್ ಕೂಡ ಒಂದೇ ಬರುತ್ತದೆ. ಮೂರನೆಯದರಲ್ಲಿ ಕೊನೆಗೆ ಒಂದು ಬೈಟ್ ಜಾಸ್ತಿ, ನಾಲ್ಕನೆಯದರಲ್ಲಿ ಮೊದಲಿಗೆ ಒಂದು ಬೈಟ್ ಜಾಸ್ತಿ.

ಕಂಪ್ಯೂಟರಿನ ನೆಟ್‌ವರ್ಕ್ ಮಾನಿಟರ್ ತೆರೆದಿಟ್ಟುಕೊಂಡು ಒಂದೊಂದನ್ನೇ ಅಪ್‌ಲೋಡ್ ಮಾಡಿ. ಪ್ರೋಗ್ರೆಸ್ ಪಟ್ಟಿಯನ್ನು ನಂಬಬೇಡಿ. ಕೆಲವು ಆ್ಯಪ್‌ಗಳು ತಮ್ಮ ಫೋಲ್ಡರಿಗೆ ನಕಲು ಮಾಡಿದ ಕೂಡಲೇ ಮುಗಿಯಿತು ಅನ್ನುತ್ತವೆ, ನಿಜವಾದ ಕಳಿಸುವಿಕೆ ಹಿಂದಿನಿಂದ ನಡೆಯುತ್ತಿರುತ್ತದೆ. ಹೊರಗೆ ಹೋದ ಡೇಟಾ ಎಷ್ಟು ಅನ್ನುವುದೊಂದೇ ಲೆಕ್ಕ.

`a.bin`ಗೆ 20 ಎಂಬಿಪಿಎಸ್‌ನಲ್ಲಿ ನಲವತ್ತು ಸೆಕೆಂಡಿನ ಆಸುಪಾಸು ಬೇಕು, 100 ಎಂಬಿ ಹೊರಗೆ ಹೋಗುತ್ತದೆ. `b.bin` ಕೆಲವೇ ಕೆಬಿಯಲ್ಲಿ ಮುಗಿದರೆ ನಿಮ್ಮ ಖಾತೆಯೊಳಗೆ ಹ್ಯಾಶ್ ತಾಳೆ ನಡೆಯುತ್ತಿದೆ. ಮತ್ತೆ ಪೂರ್ತಿ 100 ಎಂಬಿ ಹೋದರೆ, ಒಂದೋ ಡಿಡುಪ್ ಇಲ್ಲ, ಇಲ್ಲವೇ ಫೈಲ್ ತಲುಪಿದ ಮೇಲೆ ಸರ್ವರ್‌ನ ಒಳಗೆ ನಡೆಯುತ್ತಿದೆ. `c.bin`ಗೆ ಸ್ವಲ್ಪವೇ ಹೋಗಿ `d.bin`ಗೆ ಪೂರ್ತಿ ಹೋದರೆ ಸೇವೆ ನಿಗದಿತ ಅಳತೆಯ ತುಂಡು ಮಾಡುತ್ತಿದೆ ಅಂತ ಅರ್ಥ. `b.bin` ಬೇಗ ಮುಗಿದೂ ಈ ಎರಡಕ್ಕೂ ಪೂರ್ತಿ ಹೋದರೆ ಇಡೀ ಫೈಲನ್ನು ಒಂದೇ ಘಟಕವಾಗಿ ನೋಡುತ್ತಿದೆ.

ಕೊನೆಗೆ ಅದೇ `a.bin` ಫೈಲನ್ನು ಇನ್ನೊಬ್ಬರ ಖಾತೆಯಿಂದ, ಅವರ ಒಪ್ಪಿಗೆ ಪಡೆದು ಅಪ್‌ಲೋಡ್ ಮಾಡಿ. ನಲವತ್ತು ಸೆಕೆಂಡು ತೆಗೆದುಕೊಂಡರೆ ನಿಮ್ಮ ಖಾತೆಯಲ್ಲಿ ಏನಿದೆ ಅನ್ನುವ ಸುಳಿವು ಈ ದಾರಿಯಲ್ಲಿ ಹೊರಗೆ ಹೋಗುತ್ತಿಲ್ಲ. ಕ್ಷಣದಲ್ಲಿ ಮುಗಿದರೆ ಹೋಗುತ್ತಿದೆ. ಆಗ ಆ ಸೇವೆಯಲ್ಲಿ ನಮೂನೆ ಪತ್ರಗಳನ್ನು ಹಾಗೇ ಇಡಬೇಡಿ. ನಿಮಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಯೇ ಇಡಿ.